ಇಲ್ಲದ 44 ಹರ್ಟ್ಜ್ ಕಂಪನ: ಫಿಲ್ಟರ್ ಎಡಿಸಿಗಿಂತ ಮೊದಲೇ ಏಕಿರಬೇಕು?

ಪ್ರಶ್ನೆ: ಸರ್, ನಾನು ಸಕ್ಕರೆ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿದ್ದೇನೆ. ಬಗಾಸ್ ಕನ್ವೇಯರ್‌ನ ಗೇರ್‌ಬಾಕ್ಸ್ ಮೇಲೆ ಕಂಪನ ಅಳೆಯುವ ಸೆನ್ಸರ್ ಕೂರಿಸಿ, ಅದನ್ನು ನೇರವಾಗಿ ಮೈಕ್ರೋಕಂಟ್ರೋಲರ್‌ನ 12 ಬಿಟ್ ಎಡಿಸಿಗೆ ಕೊಟ್ಟಿದ್ದೇನೆ. ಸೆಕೆಂಡಿಗೆ 500 ಸ್ಯಾಂಪಲ್ ತೆಗೆದುಕೊಳ್ಳುತ್ತೇನೆ. ಮೋಟರ್ ಪೂರ್ಣ ಲೋಡ್‌ನಲ್ಲಿ 1440 ಆರ್‌ಪಿಎಂ, ಮೊದಲ ಪಿನಿಯನ್‌ಗೆ 19 ಹಲ್ಲು. 44 ಹರ್ಟ್ಜ್‌ನಲ್ಲಿ ದೊಡ್ಡ ಪೀಕ್ ಕಾಣುತ್ತಿದೆ. 88 ಮತ್ತು 132ರಲ್ಲೂ ಸಣ್ಣವಿವೆ. ಪರದೆ ಸೆಕೆಂಡಿಗೆ 25 ಮಿ.ಮೀ. ಎನ್ನುತ್ತದೆ, ಆದರೆ ಕೈಯಲ್ಲಿ ಹಿಡಿಯುವ ಮೀಟರ್ ಸುಮಾರು 4 ತೋರಿಸುತ್ತದೆ. ಲೋಡ್ ಇಳಿದಾಗ ಈ ಪೀಕ್ 31ರ ಹತ್ತಿರ ಬರುತ್ತದೆ. ಬೇರಿಂಗ್ ಹೋಗಿರಬಹುದೆಂದು ಗೇರ್‌ಬಾಕ್ಸ್ ಬಿಚ್ಚುವ ಮಾತು ನಡೆದಿದೆ. ಪ್ರೋಗ್ರಾಂನಲ್ಲಿ 100 ಹರ್ಟ್ಜ್‌ನ ಲೋಪಾಸ್ ಫಿಲ್ಟರ್ ಹಾಕಿದರೂ ಅದು ಹೋಗಲಿಲ್ಲ. ಎಡಿಸಿಗಿಂತ ಮೊದಲು ಫಿಲ್ಟರ್ ಬೇಕು ಎಂದು ಪರಿಚಯದವರೊಬ್ಬರು ಹೇಳಿದರು. ಸಾಫ್ಟ್‌ವೇರ್‌ನಲ್ಲೇ ಫಿಲ್ಟರ್ ಇರುವಾಗ ಅದೇಕೆ?

ಉತ್ತರ: ಮೊದಲಿಗೆ, ಈ 44 ಹರ್ಟ್ಜ್ ಪೀಕ್ ಒಂದನ್ನೇ ನಂಬಿ ಗೇರ್‌ಬಾಕ್ಸ್ ಬಿಚ್ಚಬೇಡಿ. ನೀವು ಕೊಟ್ಟ ಅಂಕಿಗಳ ಪ್ರಕಾರ ನಿಮ್ಮ ಯಂತ್ರದಲ್ಲಿ 44 ಹರ್ಟ್ಜ್ ಕಂಪನವೇ ಇಲ್ಲ. ಯಂತ್ರದಲ್ಲಿರುವುದು 456 ಹರ್ಟ್ಜ್. ಅದನ್ನು 44 ಮಾಡಿದ್ದು ನಿಮ್ಮ ಎಡಿಸಿ.

456 ಎಲ್ಲಿಂದ ಬಂತೆಂದು ಹುಡುಕುವುದು ಸುಲಭ. 1440 ಆರ್‌ಪಿಎಂ ಎಂದರೆ ಶಾಫ್ಟ್ ಸೆಕೆಂಡಿಗೆ 24 ಸುತ್ತು ಸುತ್ತುತ್ತದೆ. ಪ್ರತಿ ಸುತ್ತಿಗೆ 19 ಹಲ್ಲುಗಳು ಎದುರಿನ ಗೇರ್‌ನ ಹಲ್ಲುಗಳೊಂದಿಗೆ ಕೂಡಿ ಬಿಡುತ್ತವೆ. 24 ಗುಣಿಸು 19 ಎಂದರೆ 456. ಹಲ್ಲು ಕೂಡುವ ಈ ಕಂಪನ ಆರೋಗ್ಯವಾಗಿರುವ ಗೇರ್‌ಬಾಕ್ಸ್‌ನಲ್ಲೂ ಇದ್ದೇ ಇರುತ್ತದೆ, ಅದರ ಎರಡರಷ್ಟು ಮತ್ತು ಮೂರರಷ್ಟು ಆವರ್ತನಗಳೂ ಜೊತೆಗಿರುತ್ತವೆ.

ಈಗ ಎಡಿಸಿಯ ಕಡೆಯಿಂದ ನೋಡಿ. ಸೆಕೆಂಡಿಗೆ 500 ಸಲ ಓದುವುದೆಂದರೆ 2 ಮಿಲಿಸೆಕೆಂಡಿಗೊಮ್ಮೆ ಒಂದು ಕ್ಷಣದ ವೋಲ್ಟೇಜನ್ನು ಹಿಡಿದು ಅಂಕಿ ಮಾಡುವುದು. ನಡುವಿನ 2 ಮಿಲಿಸೆಕೆಂಡಿನಲ್ಲಿ ಏನಾಯಿತೆಂಬುದು ಅದಕ್ಕೆ ತಿಳಿಯುವುದಿಲ್ಲ. 456 ಹರ್ಟ್ಜ್‌ನ ತರಂಗ ಆ ಅವಧಿಯಲ್ಲಿ 0.912 ಆವರ್ತ ಮುಗಿಸುತ್ತದೆ, ಅಂದರೆ ಪೂರ್ತಿ ಒಂದು ಆವರ್ತಕ್ಕೆ 0.088ರಷ್ಟು ಕಡಿಮೆ. ಮುಂದಿನ ಓದಿಗೆ ಇನ್ನೊಂದು 0.088 ಹಿಂದೆ ಬೀಳುತ್ತದೆ. ತರಂಗ ಮುಂದಕ್ಕೆ 0.912 ಹೋಯಿತೋ, ಹಿಂದಕ್ಕೆ 0.088 ಸರಿಯಿತೋ ಎಂದು ಹೇಳಲು ಓದಿದ ಬಿಂದುಗಳಲ್ಲಿ ಯಾವ ಗುರುತೂ ಇರುವುದಿಲ್ಲ. 0.088 ಆವರ್ತದಂತೆ ಸೆಕೆಂಡಿಗೆ 500 ಸಲ ಸರಿದರೆ ಆಗುವುದು 44 ಆವರ್ತ. ಪರದೆಯ ಮೇಲೆ ಬಂದದ್ದು ಅದೇ. ಏಲಿಯಾಸಿಂಗ್ ಎನ್ನುವುದು ಇದನ್ನೇ.

ನಿಮ್ಮ ವಿಭಾಗದಲ್ಲಿ ಸ್ಟ್ರೋಬೋಸ್ಕೋಪ್ ಇದ್ದರೆ ಇದನ್ನು ಕಣ್ಣಾರೆ ನೋಡಬಹುದು. ಸೆಕೆಂಡಿಗೆ 24 ಸುತ್ತುವ ಕಪ್ಲಿಂಗ್ ಮೇಲೆ ಒಂದು ಗುರುತು ಹಾಕಿ, ಸೆಕೆಂಡಿಗೆ 25 ಸಲ ಬೆಳಕು ಬೀರಿ. ಆ ಗುರುತು ಸೆಕೆಂಡಿಗೊಂದು ಸುತ್ತಿನಂತೆ ಹಿಮ್ಮುಖವಾಗಿ ತಿರುಗುವುದು ಕಾಣುತ್ತದೆ. ಬೆಳಕು ಬಿದ್ದ ಕ್ಷಣಗಳಷ್ಟೇ ಕಣ್ಣಿಗೆ ಸಿಗುವುದರಿಂದ ಹೀಗಾಗುತ್ತದೆ, ಇದೂ ಏಲಿಯಾಸಿಂಗ್.

88 ಮತ್ತು 132ರ ಗುಟ್ಟೂ ಇಲ್ಲೇ ಇದೆ. 912 ಹರ್ಟ್ಜ್ ತರಂಗ 2 ಮಿಲಿಸೆಕೆಂಡಿನಲ್ಲಿ 1.824 ಆವರ್ತ ಮುಗಿಸುತ್ತದೆ. ಎರಡಕ್ಕೆ ಕೊರತೆ 0.176, ಅದನ್ನು 500ರಿಂದ ಗುಣಿಸಿದರೆ 88. 1368ರ ಲೆಕ್ಕ ಮಾಡಿದರೆ 132 ಬರುತ್ತದೆ. ನನ್ನ ದೃಷ್ಟಿಯಲ್ಲಿ ಏಲಿಯಾಸಿಂಗ್‌ನ ಅತ್ಯಂತ ಅಪಾಯಕಾರಿ ಗುಣ ಇದೇ. ಸುಳ್ಳು ಪೀಕ್ ಒಂಟಿಯಾಗಿ ಬಂದಿದ್ದರೆ ಗದ್ದಲವೆಂದು ತಳ್ಳಿಹಾಕಬಹುದಿತ್ತು. ಇಲ್ಲಿ ಅದು ಎರಡರಷ್ಟು, ಮೂರರಷ್ಟು ಆವರ್ತನಗಳ ಸಮೇತ, ನಿಜವಾದ ದೋಷದ ರೂಪದಲ್ಲೇ ಬಂದಿದೆ. ಅದರ ಮೇಲೆ 44 ಎಂಬುದು ಶಾಫ್ಟ್ ವೇಗದ 1.83 ಪಟ್ಟು. ಶಾಫ್ಟ್ ವೇಗದ ಪೂರ್ಣಾಂಕ ಪಟ್ಟು ಅಲ್ಲದ ಆವರ್ತನ ಕಂಡರೆ ಕಂಪನ ಓದುವವರು ಮೊದಲು ಬೇರಿಂಗನ್ನೇ ಅನುಮಾನಿಸುತ್ತಾರೆ. ನಿಮ್ಮವರು ಹಾಗೆ ಯೋಚಿಸಿದ್ದು ತಪ್ಪಲ್ಲ, ಅವರ ಕೈಗೆ ಬಂದ ಅಂಕಿಯೇ ತಪ್ಪು.

ಇದು ಊಹೆಯಲ್ಲ ಎಂಬುದಕ್ಕೆ ನಿಮ್ಮ ಪತ್ರದಲ್ಲೇ ಸಾಕ್ಷಿ ಇದೆ. ಲೋಡ್ ಇಳಿದಾಗ ಪೀಕ್ 31ರ ಹತ್ತಿರ ಬರುತ್ತದೆ ಎಂದಿದ್ದೀರಿ. ಇಂಡಕ್ಷನ್ ಮೋಟರ್ ಲೋಡ್ ಇಳಿದಾಗ ಸ್ವಲ್ಪ ವೇಗವಾಗಿ ತಿರುಗುತ್ತದೆ. ಅದು 1482 ಆರ್‌ಪಿಎಂಗೆ ಏರಿತೆಂದುಕೊಳ್ಳಿ. ಶಾಫ್ಟ್ ಆಗ ಸೆಕೆಂಡಿಗೆ 24.7 ಸುತ್ತು, ಹಲ್ಲು ಕೂಡುವ ಆವರ್ತನ 469.3, ಅದನ್ನು 500ರಿಂದ ಕಳೆದರೆ 30.7. ಶಾಫ್ಟ್‌ನ ವೇಗ ಏರಿದ್ದು ಶೇಕಡಾ ಮೂರರಷ್ಟು, ಪೀಕ್ ಮಾತ್ರ 44ರಿಂದ 31ಕ್ಕೆ ಇಳಿದಿದೆ. ಶಾಫ್ಟಿಗೆ ಕಟ್ಟಿಕೊಂಡಿರುವ ಯಾವ ನಿಜವಾದ ಕಂಪನವೂ ಶಾಫ್ಟ್ ವೇಗ ಹೆಚ್ಚಿದಾಗ ಹೀಗೆ ಕೆಳಕ್ಕೆ ಓಡುವುದಿಲ್ಲ. ಸ್ಯಾಂಪ್ಲಿಂಗ್ ವೇಗದ ಅರ್ಧದಾಚೆಯಿಂದ ಮಡಿಚಿಕೊಂಡು ಬಂದದ್ದು ಮಾತ್ರ ಹಾಗೆ ಓಡುತ್ತದೆ.

ಇನ್ನೂ ನೇರವಾದ ಪರೀಕ್ಷೆ ಬೇಕಿದ್ದರೆ ಸ್ಯಾಂಪ್ಲಿಂಗ್ ವೇಗವನ್ನು 500ರಿಂದ 520ಕ್ಕೆ ಬದಲಿಸಿ. ನಿಜವಾದ ಕಂಪನಕ್ಕೆ ನೀವು ಎಷ್ಟು ಸಲ ಓದುತ್ತೀರೆಂಬುದರ ಗೊಡವೆಯಿಲ್ಲ, ಆದ್ದರಿಂದ 24 ಹರ್ಟ್ಜ್‌ನ ಪೀಕ್ ಇದ್ದಲ್ಲೇ ಇರುತ್ತದೆ. 44ರ ಪೀಕ್ ಮಾತ್ರ 64ಕ್ಕೆ ಜಿಗಿಯುತ್ತದೆ, ಏಕೆಂದರೆ 520ರಿಂದ 456 ಕಳೆದರೆ 64. ಎರಡೂ ಓಟಗಳಲ್ಲಿ ಲೋಡ್ ಒಂದೇ ಇರುವಂತೆ ನೋಡಿಕೊಳ್ಳಿ, ಇಲ್ಲವಾದರೆ ಶಾಫ್ಟ್‌ನ ವೇಗವೂ ಬದಲಾಗಿ ಗೊಂದಲವಾಗುತ್ತದೆ. ಪ್ರೋಗ್ರಾಂ ಎಫ್‌ಎಫ್‌ಟಿಯ ಆವರ್ತನದ ಅಳತೆಯನ್ನು ಹೊಸ ವೇಗಕ್ಕೆ ತಕ್ಕಂತೆ ಲೆಕ್ಕ ಹಾಕುತ್ತಿದೆಯೇ ಎಂಬುದನ್ನೂ ನೋಡಿ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಈ ಐದು ಸಾಲುಗಳನ್ನು ಒಮ್ಮೆ ಓಡಿಸಿ ನೋಡಿ.

```python
import numpy as np
n = np.arange(1000)
a = np.cos(2*np.pi*456*n/500)
b = np.cos(2*np.pi*44*n/500)
print(np.allclose(a, b))
```

ಉತ್ತರ `True` ಎಂದು ಬರುತ್ತದೆ. 456 ಹರ್ಟ್ಜ್‌ನ ತರಂಗವನ್ನು ಸೆಕೆಂಡಿಗೆ 500 ಸಲ ಓದಿದಾಗ ಸಿಗುವ ಅಂಕಿಗಳೂ 44 ಹರ್ಟ್ಜ್‌ನ ತರಂಗವನ್ನು ಓದಿದಾಗ ಸಿಗುವ ಅಂಕಿಗಳೂ ಒಂದೇ. ಹತ್ತಿರ ಹತ್ತಿರವಲ್ಲ, ಸಾಲಿನುದ್ದಕ್ಕೂ ಅವೇ ಅಂಕಿಗಳು. ಸಾಫ್ಟ್‌ವೇರ್ ಫಿಲ್ಟರ್‌ಗೆ ಸಿಗುವುದು ಈ ಅಂಕಿಗಳ ಸಾಲು ಮಾತ್ರ. ಆ ಸಾಲು 44 ಹರ್ಟ್ಜ್ ಎನ್ನುತ್ತದೆ, 44 ಎಂಬುದು ನೀವು ಹಾಕಿದ 100ರ ಗೆರೆಯೊಳಗಿದೆ, ಆದ್ದರಿಂದ ಫಿಲ್ಟರ್ ಅದನ್ನು ಹಾಗೆಯೇ ಬಿಟ್ಟಿದೆ. ನಿಮ್ಮ ಫಿಲ್ಟರ್ ಕೆಡಲಿಲ್ಲ, ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಹಾಗಾದರೆ 44ನ್ನು ಮಾತ್ರ ಕತ್ತರಿಸುವ ಫಿಲ್ಟರ್ ಹಾಕಬಹುದಲ್ಲವೇ ಎಂದು ನಿಮಗೆ ಅನಿಸಬಹುದು. ಆ ಪೀಕ್ ಲೋಡ್‌ನೊಂದಿಗೆ 31ರಿಂದ 44ರವರೆಗೆ ಓಡಾಡುತ್ತದೆ. ಆ ಪಟ್ಟಿಯನ್ನೆಲ್ಲ ಕತ್ತರಿಸಿದರೆ, ನಾಳೆ ನಿಜವಾಗಿಯೂ 40 ಹರ್ಟ್ಜ್‌ನಲ್ಲಿ ಬೇರಿಂಗ್ ದೋಷ ಹುಟ್ಟಿದರೆ ಅದೂ ಕತ್ತರಿಸಿಹೋಗುತ್ತದೆ. ಕತ್ತರಿಸದೆ ಬಿಟ್ಟರೆ ಸತ್ಯ ಮತ್ತು ಸುಳ್ಳು ಒಂದರ ಮೇಲೊಂದು ಕೂಡಿ ಒಂದೇ ಅಂಕಿಯಾಗಿರುತ್ತವೆ. ಕೂಡಿದ ಮೊತ್ತವನ್ನಷ್ಟೇ ಕೊಟ್ಟು ಎರಡು ಸಂಖ್ಯೆಗಳನ್ನು ಹೇಳೆಂದರೆ ಯಾವ ಲೆಕ್ಕವೂ ಹೇಳಲಾರದು. ಹಲ್ಲಿನ ಸಂಖ್ಯೆ ಗೊತ್ತಿದ್ದುದರಿಂದ ಈ ಪೀಕ್ ಎಲ್ಲಿಂದ ಬಂತೆಂದು ನಾವು ಗುರುತಿಸಿದೆವು. ಆದರೆ ಗುರುತಿಸುವುದು ಬೇರೆ, ತೆಗೆದುಹಾಕುವುದು ಬೇರೆ. ಬೇರ್ಪಡಿಸುವ ಕೆಲಸ ನಡೆಯಬೇಕಾದ್ದು 456 ಇನ್ನೂ 456 ಆಗಿಯೇ ಇರುವ ಜಾಗದಲ್ಲಿ. ಆ ಜಾಗ ತಂತಿ. ಎಡಿಸಿ ಓದಿದ ಮೇಲೆ ಆ ವ್ಯತ್ಯಾಸ ಎಲ್ಲಿಯೂ ಉಳಿದಿರುವುದಿಲ್ಲ.

ಇದರಲ್ಲಿ ಬಹಳ ಜನ ಎಡವುವ ಒಂದು ಮಾತಿದೆ. "ನನಗೆ ಬೇಕಿರುವುದು 100 ಹರ್ಟ್ಜ್‌ವರೆಗೆ, ಅದರ ಎರಡರಷ್ಟಾದ 200ಕ್ಕಿಂತ ಹೆಚ್ಚು ವೇಗದಲ್ಲಿ ಓದುತ್ತಿದ್ದೇನೆ, ಮತ್ತೇನು ಬೇಕು" ಎನ್ನುತ್ತಾರೆ. ಶಾನನ್ 1949ರಲ್ಲಿ ಬರೆದ ಪ್ರಮೇಯ ಶುರುವಾಗುವುದೇ ಸಂಕೇತದಲ್ಲಿ ಒಂದು ಮಿತಿಗಿಂತ ಮೇಲಿನ ಆವರ್ತನ ಇಲ್ಲ ಎಂಬ ಷರತ್ತಿನಿಂದ. ಷರತ್ತು ನಿಮಗೆ ಬೇಕಾದ ಆವರ್ತನದ ಬಗ್ಗೆ ಅಲ್ಲ, ತಂತಿಯಲ್ಲಿ ಇರುವ ಆವರ್ತನದ ಬಗ್ಗೆ. ಗೇರ್‌ಬಾಕ್ಸ್ ತಾನಾಗಿ ಆ ಷರತ್ತನ್ನು ಪಾಲಿಸುವುದಿಲ್ಲ. ಪಾಲಿಸುವಂತೆ ಮಾಡುವ ಸಾಧನವೇ ಆ್ಯಂಟಿ ಏಲಿಯಾಸ್ ಫಿಲ್ಟರ್.

ಮುಂದಿನ ಪ್ರಶ್ನೆ, ಎಂತಹ ಫಿಲ್ಟರ್? ಇದಕ್ಕೆ ಉತ್ತರ ಪರದೆಯ ಮೇಲಿನ 25 ಮತ್ತು ಮೀಟರಿನ 4ರ ನಡುವಿನ ವ್ಯತ್ಯಾಸದಲ್ಲಿ ಅಡಗಿದೆ. ನಿಮ್ಮ ಸೆನ್ಸರ್ ಒಂದು ಜಿ ವೇಗೋತ್ಕರ್ಷಕ್ಕೆ 100 ಮಿಲಿವೋಲ್ಟ್ ಕೊಡುವ ಸಾಮಾನ್ಯ ಬಗೆಯದು ಎಂದುಕೊಳ್ಳುತ್ತೇನೆ. ಹಲ್ಲು ಕೂಡುವ ಕಂಪನದ ಎತ್ತರ ಒಂದು ಜಿಯಷ್ಟಿದ್ದರೆ ತಂತಿಯಲ್ಲಿ 100 ಮಿಲಿವೋಲ್ಟ್. 3.3 ವೋಲ್ಟನ್ನು 4096 ಮೆಟ್ಟಿಲು ಮಾಡುವ ಎಡಿಸಿಯಲ್ಲಿ ಅದು ಸುಮಾರು 124 ಮೆಟ್ಟಿಲು. ನಿಮಗೆ ಬೇಕಾಗಿರುವ 24 ಹರ್ಟ್ಜ್‌ನ ಶಾಫ್ಟ್ ಕಂಪನ ಸೆಕೆಂಡಿಗೆ 3 ಮಿ.ಮೀ. ಆರ್‌ಎಂಎಸ್ ಇದ್ದರೂ ಅದರ ವೇಗೋತ್ಕರ್ಷದ ಎತ್ತರ 0.065 ಜಿ ಮಾತ್ರ. ಅಂದರೆ 6.5 ಮಿಲಿವೋಲ್ಟ್, 8 ಮೆಟ್ಟಿಲು. ಆವರ್ತನ ಕಡಿಮೆಯಾದಷ್ಟೂ ಅದೇ ವೇಗಕ್ಕೆ ವೇಗೋತ್ಕರ್ಷ ಕಡಿಮೆ. ಹೀಗಾಗಿ ನಿಮ್ಮ ತಂತಿಯಲ್ಲಿ ಬೇಡದ್ದು ಬೇಕಾದದ್ದಕ್ಕಿಂತ ಹದಿನೈದು ಪಟ್ಟು ದೊಡ್ಡದು.

ಆಮೇಲೆ ಪ್ರೋಗ್ರಾಂ ವೇಗೋತ್ಕರ್ಷವನ್ನು ವೇಗವಾಗಿ ಪರಿವರ್ತಿಸುತ್ತದೆ. ಹಾಗೆ ಮಾಡುವಾಗ ಪ್ರತಿಯೊಂದು ಅಂಶವೂ ಅದರ ಆವರ್ತನದಿಂದ ಭಾಗವಾಗುತ್ತದೆ. 456 ಹರ್ಟ್ಜ್‌ನ ಒಂದು ಜಿ ಎಂದರೆ ನಿಜವಾಗಿ ಸೆಕೆಂಡಿಗೆ 2.4 ಮಿ.ಮೀ. ಆರ್‌ಎಂಎಸ್. ಪ್ರೋಗ್ರಾಂಗೆ ಅದು 44 ಎಂದು ಕಂಡಿದ್ದರಿಂದ ಅದು ಹತ್ತು ಪಟ್ಟಿಗೂ ಚಿಕ್ಕ ಸಂಖ್ಯೆಯಿಂದ ಭಾಗಿಸಿ 25 ಎಂದು ತೋರಿಸಿದೆ. ಅದೇ 2.4ನ್ನೂ ಶಾಫ್ಟ್‌ನ 3ನ್ನೂ ವರ್ಗಮಾಡಿ ಕೂಡಿ ಮೂಲ ತೆಗೆದರೆ 3.8 ಬರುತ್ತದೆ. ನಿಮ್ಮ ಕೈ ಮೀಟರ್ ಸುಮಾರು 4 ಎಂದದ್ದು ಸರಿಯೇ ಇದೆ. ಆ ಬಗೆಯ ಮೀಟರುಗಳ ಒಳಗೆ ಎಡಿಸಿಗಿಂತ ಮೊದಲು ಫಿಲ್ಟರ್ ಇರುತ್ತದೆ.

ಈಗ ಅತ್ಯಂತ ಅಗ್ಗದ ಪರಿಹಾರ ನೋಡೋಣ. 16 ಕಿಲೋಓಮ್‌ನ ಒಂದು ರೆಸಿಸ್ಟರ್, 0.1 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್. ಇದರ ಕಟಾಫ್ ಸುಮಾರು 100 ಹರ್ಟ್ಜ್. ಆದರೆ ಇಂತಹ ಒಂದೇ ಹಂತದ ಆರ್‌ಸಿ ಬಹಳ ನಿಧಾನವಾಗಿ ಇಳಿಯುತ್ತದೆ. 456ರಲ್ಲಿ ಅದು ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಬಿಡುತ್ತದೆ. 124 ಮೆಟ್ಟಿಲು 27 ಆಗುತ್ತದೆ, ನಿಮ್ಮ ನಿಜವಾದ 8ಕ್ಕಿಂತ ಇನ್ನೂ ಮೂರು ಪಟ್ಟು ಹೆಚ್ಚು. ಜೊತೆಗೆ ನಿಮಗೆ ಬೇಕಾದ 100 ಹರ್ಟ್ಜ್‌ನಲ್ಲೇ ಶೇಕಡಾ 29ರಷ್ಟನ್ನು ಅದು ತಿಂದಿರುತ್ತದೆ. ಒಂದು ಆರ್‌ಸಿ ಹಾಕಿ "ಫಿಲ್ಟರ್ ಹಾಕಿದ್ದೇವೆ" ಎಂದು ಬಿಡುವುದನ್ನು ನಾನು ಒಪ್ಪುವುದಿಲ್ಲ. ಪೀಕ್ ಚಿಕ್ಕದಾಗಿ ನಂಬುವಂತಹ ಗಾತ್ರಕ್ಕೆ ಬರುತ್ತದೆ, ಅದು ಇನ್ನೂ ಕೆಟ್ಟದ್ದು.

ಎರಡು ಆಪ್‌ಆ್ಯಂಪ್ ಬಳಸಿ ಕಟ್ಟುವ ನಾಲ್ಕನೇ ದರ್ಜೆಯ ಬಟರ್‌ವರ್ತ್ ಫಿಲ್ಟರ್ ಈ ಕೆಲಸಕ್ಕೆ ತಕ್ಕದ್ದು. ಕಟಾಫ್ 120 ಹರ್ಟ್ಜ್ ಇಟ್ಟರೆ 100ರಲ್ಲಿ ನಷ್ಟ ಶೇಕಡಾ 10 ಮಾತ್ರ, ಅದನ್ನು ಪ್ರೋಗ್ರಾಂನಲ್ಲಿ ತಿದ್ದಿಕೊಳ್ಳಬಹುದು. 456ರಲ್ಲಿ ಉಳಿಯುವುದು 208ರಲ್ಲಿ ಒಂದು ಭಾಗ. 124 ಮೆಟ್ಟಿಲು 0.6 ಆಗುತ್ತದೆ, ಎಡಿಸಿಯ ಒಂದು ಮೆಟ್ಟಿಲಿಗಿಂತ ಕಡಿಮೆ. ಇಲ್ಲಿ ಒಂದು ಅನುಕೂಲವನ್ನು ಗಮನಿಸಿ. 250ರಿಂದ ಆಚೆಯದೆಲ್ಲ ಮಡಿಚಿಕೊಂಡು ಬಂದರೂ, ನೀವು ನೋಡುವ 0ಯಿಂದ 100ರ ಪಟ್ಟಿಯೊಳಕ್ಕೆ ಬಂದು ಬೀಳುವುದು 400 ಮತ್ತು ಅದರಾಚೆಯದು ಮಾತ್ರ. 250ರಿಂದ 400ರ ನಡುವಿನದು 100ರಿಂದ 250ರ ನಡುವೆ ಬೀಳುತ್ತದೆ, ಅದನ್ನು ನಿಮ್ಮ ಸಾಫ್ಟ್‌ವೇರ್ ಫಿಲ್ಟರ್ ತೆಗೆದುಹಾಕಬಲ್ಲದು. ಆದ್ದರಿಂದ ಅನಲಾಗ್ ಫಿಲ್ಟರ್‌ಗೆ ಇಳಿಯಲು 100ರಿಂದ 400ರವರೆಗೆ ಜಾಗವಿದೆ. ಸ್ಯಾಂಪ್ಲಿಂಗ್ ವೇಗವನ್ನು 250ಕ್ಕೆ ಇಳಿಸಿದರೆ ಆ ಜಾಗ 100ರಿಂದ 150ಕ್ಕೆ ಕುಗ್ಗುತ್ತದೆ, ಆಗ ಬೇಕಾಗುವ ಫಿಲ್ಟರ್ ಕಟ್ಟುವುದೇ ದುಸ್ತರ.

ಈ ಮಾತನ್ನು ತಿರುಗಿಸಿ ನೋಡಿದರೆ ನಾನು ನಿಮಗೆ ಹೆಚ್ಚು ಇಷ್ಟಪಟ್ಟು ಹೇಳುವ ದಾರಿ ಸಿಗುತ್ತದೆ. ಸೆಕೆಂಡಿಗೆ 8000 ಸ್ಯಾಂಪಲ್ ತೆಗೆದುಕೊಳ್ಳಿ. ಈಗಿನ ಮೈಕ್ರೋಕಂಟ್ರೋಲರ್‌ಗಳಿಗೆ ಅದು ಹೊರೆಯಲ್ಲ. ಆಗ 100ರೊಳಗೆ ಬಂದು ಬೀಳುವುದು 7900 ಹರ್ಟ್ಜ್‌ನಿಂದಾಚೆಯದು. ಒಂದೇ ಆಪ್‌ಆ್ಯಂಪ್‌ನ, 1000 ಹರ್ಟ್ಜ್ ಕಟಾಫ್‌ನ ಎರಡನೇ ದರ್ಜೆಯ ಫಿಲ್ಟರ್ ಅಲ್ಲಿ 62ರಲ್ಲಿ ಒಂದು ಭಾಗವನ್ನಷ್ಟೇ ಬಿಡುತ್ತದೆ. 456 ಹರ್ಟ್ಜ್ ಈಗ 456 ಆಗಿಯೇ ದಾಖಲಾಗುತ್ತದೆ, ಅದನ್ನು ಸಾಫ್ಟ್‌ವೇರ್ ಚೊಕ್ಕಟವಾಗಿ ಬೇರ್ಪಡಿಸಬಲ್ಲದು. ಇನ್ನೊಂದು ಲಾಭ, ಗೇರ್‌ಬಾಕ್ಸ್‌ನ ಆರೋಗ್ಯ ಹೇಳುವುದೇ ಹಲ್ಲು ಕೂಡುವ ಆವರ್ತನ. ಅದನ್ನು ಕತ್ತರಿಸಿ ಎಸೆಯುವ ಬದಲು ಸರಿಯಾದ ಜಾಗದಲ್ಲಿ ನೋಡುತ್ತಾ ಬಂದರೆ ಹಲ್ಲು ಸವೆಯುವುದು ನಿಮಗೆ ತಿಳಿಯುತ್ತದೆ. ನಿಮ್ಮ ಗೇರ್‌ಬಾಕ್ಸ್‌ನಲ್ಲಿ ಅದು ಒಂದು ಜಿ ಇದ್ದರೆ ಅದೇ ಮುಂದಿನ ಹೋಲಿಕೆಗೆ ಮೊದಲ ದಾಖಲೆ.

ಆದರೆ ಸೆನ್ಸರ್‌ಗಳು ತಮ್ಮದೇ ಅನುರಣನದ ಆವರ್ತನದಲ್ಲಿ, ಸಾಮಾನ್ಯವಾಗಿ ಹತ್ತಾರು ಕಿಲೋಹರ್ಟ್ಜ್‌ನಲ್ಲಿ, ಸಂಕೇತವನ್ನು ಹಲವು ಪಟ್ಟು ಹಿಗ್ಗಿಸಿ ಕಳಿಸುತ್ತವೆ. ಹಾಗಾಗಿ ಸ್ಯಾಂಪ್ಲಿಂಗ್ ವೇಗ ಎಷ್ಟೇ ಏರಿಸಿದರೂ ಅನಲಾಗ್ ಫಿಲ್ಟರ್ ಪೂರ್ತಿ ಬೇಡವಾಗುವುದಿಲ್ಲ. ಅದು ಸರಳವಾಗುತ್ತದೆ, ಅಷ್ಟೆ. ಸಿಗ್ಮಾ ಡೆಲ್ಟಾ ಎಡಿಸಿಗಳು ಒಳಗೆ ಬಹಳ ವೇಗವಾಗಿ ಓದಿ ಡಿಜಿಟಲ್ ಫಿಲ್ಟರ್ ಮಾಡಿಯೇ ಅಂಕಿ ಕೊಡುತ್ತವೆ. ಅವುಗಳ ಮುಂದೆಯೂ ಪುಟ್ಟದೊಂದು ಆರ್‌ಸಿ ಬೇಕೆಂದು ಡೇಟಾಶೀಟ್ ಹೇಳುವುದು ಇದೇ ಕಾರಣಕ್ಕೆ. ಒಳಗಿನ ಓದುವ ವೇಗದ ಸುತ್ತಮುತ್ತಲಿನ ಗದ್ದಲವನ್ನು ಆ ಡಿಜಿಟಲ್ ಫಿಲ್ಟರ್ ತಡೆಯಲಾರದು.

8000ದಿಂದ 500ಕ್ಕೆ ಇಳಿಸುವಾಗ ಎಚ್ಚರ ಬೇಕು. ಹದಿನಾರರಲ್ಲಿ ಒಂದು ಸ್ಯಾಂಪಲ್ ಇಟ್ಟುಕೊಂಡು ಉಳಿದದ್ದನ್ನು ಎಸೆದರೆ ನೀವು ಮತ್ತೆ ಸೆಕೆಂಡಿಗೆ 500 ಸಲ ಓದಿದಂತೆಯೇ, 44 ವಾಪಸು ಬರುತ್ತದೆ. ಹದಿನಾರರ ಸರಾಸರಿ ತೆಗೆದರೂ ಸಾಲದು. ಆ ಸರಾಸರಿ 456ರಲ್ಲಿ ಹತ್ತನೇ ಒಂದು ಭಾಗವನ್ನು ಬಿಡುತ್ತದೆ, ಅಂದರೆ 12 ಮೆಟ್ಟಿಲು, ನಿಮ್ಮ 8ಕ್ಕಿಂತ ಹೆಚ್ಚು. 400ರ ಹೊತ್ತಿಗೆ ಪೂರ್ತಿ ಇಳಿದಿರುವಂತೆ ರೂಪಿಸಿದ ಎಫ್‌ಐಆರ್ ಫಿಲ್ಟರ್ ಹಾಯಿಸಿ, ಆಮೇಲೆ ಸ್ಯಾಂಪಲ್‌ಗಳನ್ನು ಕೈಬಿಡಿ. ಓದುವ ವೇಗ ಎಲ್ಲೆಲ್ಲಿ ಕಡಿಮೆಯಾಗುತ್ತದೋ ಅಲ್ಲೆಲ್ಲ ಅದಕ್ಕಿಂತ ಮೊದಲೇ ಫಿಲ್ಟರ್ ಇರಬೇಕು, ಅದು ತಂತಿಯಲ್ಲಾಗಲಿ ಪ್ರೋಗ್ರಾಂನಲ್ಲಾಗಲಿ.

ಜೋಡಣೆಯ ಬಗ್ಗೆ ಒಂದು ಮಾತು. ಫಿಲ್ಟರನ್ನು ಸೆನ್ಸರ್ ಪಕ್ಕದಲ್ಲಿ ಕೂರಿಸಿ ಅಲ್ಲಿಂದ ಎಡಿಸಿಗೆ ಉದ್ದದ ತಂತಿ ಎಳೆಯಬೇಡಿ. ಕನ್ವೇಯರ್‌ಗೆ ಡ್ರೈವ್ ಹಾಕಿದ್ದರೆ ಅದರ ಸ್ವಿಚಿಂಗ್ ಗದ್ದಲ, ಕೆಲವು ಕಿಲೋಹರ್ಟ್ಜ್‌ನದು, ಫಿಲ್ಟರ್ ದಾಟಿದ ಮೇಲಿನ ತಂತಿಗೇ ಹತ್ತಿಕೊಂಡು ನೇರ ಒಳಗೆ ಹೋಗುತ್ತದೆ. ಫಿಲ್ಟರ್ ಎಡಿಸಿಯ ಪಿನ್ನಿಗೆ ತೀರಾ ಹತ್ತಿರ, ಅದೇ ಬೋರ್ಡಿನ ಮೇಲೆ ಇರಲಿ.

ಈಗಾಗಲೇ ಸಂಗ್ರಹವಾಗಿರುವ ದಾಖಲೆಗಳಿಂದ ಸುಳ್ಳನ್ನು ತೆಗೆಯಲಾಗುವುದಿಲ್ಲ. ಅವುಗಳಿಂದ ಎಚ್ಚರಿಕೆಯ ಮಿತಿಗಳನ್ನು ನಿಗದಿ ಮಾಡಿದ್ದರೆ ಅವನ್ನು ಕೈಬಿಟ್ಟು ಹೊಸದಾಗಿ ಅಳೆಯಿರಿ.

ಫಿಲ್ಟರ್ ಹಾಕಿದ ಮೇಲೆ ಯಂತ್ರಕ್ಕೆ ಜೋಡಿಸುವ ಮೊದಲು ಮೇಜಿನ ಮೇಲೆ ಪರೀಕ್ಷಿಸಿ. ಸಿಗ್ನಲ್ ಜನರೇಟರ್‌ನಿಂದ 24 ಹರ್ಟ್ಜ್ ಕೊಟ್ಟು ಅಂಕಿ ಗುರುತು ಮಾಡಿಕೊಳ್ಳಿ. ಆಮೇಲೆ ಎಡಿಸಿಯ ಮಧ್ಯಮಟ್ಟದ ಮೇಲೆ 100 ಮಿಲಿವೋಲ್ಟ್ ಎತ್ತರದ 456 ಹರ್ಟ್ಜ್ ಕೊಟ್ಟು, ನಿಧಾನವಾಗಿ 400ರಿಂದ 600ರವರೆಗೆ ಓಡಿಸಿ. 500 ಸ್ಯಾಂಪಲ್‌ನ ದಾರಿ ಹಿಡಿದಿದ್ದರೆ, 0ಯಿಂದ 100ರ ನಡುವೆ ಆ ಜನರೇಟರ್‌ನಿಂದ ಬಂದ ಪೀಕ್ ಎಡಿಸಿಯ ಒಂದು ಮೆಟ್ಟಿಲಿನ ಆಸುಪಾಸು ದಾಟಬಾರದು. ದಾಟಿದರೆ ಮೊದಲು ಕೆಪಾಸಿಟರ್‌ಗಳ ಬೆಲೆ ಅಳೆದು ನೋಡಿ.